ಅವಧಿ ಮುಗಿದ ಕೊಟೇಶನ್: ಕಬ್ಬಿಣದ ರೇಟು ಏರಿಲ್ಲ ಅಂದ ಮೇಲೆ ಹಳೆ ಬೆಲೆ ಕೇಳುವುದು ಹೇಗೆ?

ಪ್ರಶ್ನೆ: ನಮ್ದು ಕಲಬುರಗಿ ನಂದೂರ ಕಡೆ ಸಣ್ಣ ದಾಲ್ ಮಿಲ್ ಅದ. ತೊಗರಿ ತುಂಬಲಿಕ್ಕೆ ಎರಡು ಕಬ್ಬಿಣದ ಬಿನ್ ಮಾಡಿಸಬೇಕಂತ ಕಪನೂರಿನ ಒಬ್ಬ ಫ್ಯಾಬ್ರಿಕೇಟರ್ ಹತ್ರ ಆಗಸ್ಟ್ 18ಕ್ಕ ಕೊಟೇಶನ್ ತಗೊಂಡಿದ್ವಿ. ಒಂದೊಂದು ಬಿನ್ ಮೂರು ಮೀಟರ್ ವ್ಯಾಸ, ಮೂರು ಮೀಟರ್ ಎತ್ತರ, ಕೆಳಗ ಕೋನ್, 4 ಎಂಎಂ ಶೀಟು. ಎರಡಕ್ಕೂ ಸೇರಿ 4,80,000 ರೂಪಾಯಿ, ಮ್ಯಾಲ ಜಿಎಸ್‌ಟಿ. 30 ದಿನ ಮಾತ್ರ ಅಂತ ಬರದಿದ್ರು. ಬ್ಯಾಂಕ್ ಲೋನ್ ಮಂಜೂರಾಗೂದರಾಗ ಅಕ್ಟೋಬರ್ 10 ಆತು. ಈಗ ಅವರು ಎಂಟು ಪರ್ಸೆಂಟ್ ಏರಿಸಿ ಹೊಸಾದು ಕೊಡ್ತೀನಿ ಅಂತಾರ. ಶೀಟಿನ ರೇಟು ಏನೂ ಏರಿಲ್ಲಲ್ಲ? ಹಳೇದನ್ನೇ ಮುಂದುವರಿಸ್ರಿ ಅಂತ ಹ್ಯಾಂಗ ಕೇಳಬೇಕು? ಹಳೇ ನಂಬರ್ ಹಾಕಿ ಪಿಓ ಕಳಿಸಿಬಿಟ್ರ ಆಗಂಗಿಲ್ಲೇನು?

ಉತ್ತರ: ಪಿಓ, ಅಂದರೆ ಖರೀದಿ ಆದೇಶ, ಕಳಿಸುವ ಯೋಚನೆಯನ್ನು ಮೊದಲು ಬಿಡಿ. ಭಾರತೀಯ ಕರಾರು ಕಾಯ್ದೆ, 1872ರ 6ನೇ ಕಲಮಿನ ಪ್ರಕಾರ, ಒಪ್ಪಿಗೆಗೆ ಇಂತಿಷ್ಟು ದಿನ ಎಂದು ಗೊತ್ತುಮಾಡಿದ ಪ್ರಸ್ತಾವ ಆ ದಿನಗಳು ಮುಗಿದ ಕೂಡಲೇ ತಾನಾಗಿಯೇ ರದ್ದಾಗುತ್ತದೆ. ಸೆಪ್ಟೆಂಬರ್ 17ಕ್ಕೆ ನಿಮ್ಮ ಕೊಟೇಶನ್ ಹಾಗೆ ರದ್ದಾಗಿದೆ. ಅದರ ನಂಬರ್ ಹಾಕಿ ಈಗ ಪಿಓ ಕಳಿಸಿದರೆ ಅದು ಒಪ್ಪಿಗೆ ಆಗುವುದಿಲ್ಲ, ನಿಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾವ ಆಗುತ್ತದೆ. ಫ್ಯಾಬ್ರಿಕೇಟರ್ ಅದನ್ನು ಒಪ್ಪಬಹುದು, ಬಿಡಬಹುದು, ಸುಮ್ಮನೂ ಇರಬಹುದು. ಸುಮ್ಮನಿದ್ದರೆ ನಿಮಗೇ ತೊಂದರೆ. ಒಪ್ಪಿದ್ದಾರೆ ಎಂದುಕೊಂಡು ನೀವು ಕಾಂಕ್ರೀಟ್ ಅಡಿಪಾಯ ಹಾಕಿಸಿಬಿಡುತ್ತೀರಿ, ಅವರು ಬಿಲ್ ಮಾಡುವಾಗ ಹೊಸ ರೇಟು ಹಾಕುತ್ತಾರೆ, ಇಬ್ಬರ ಕೈಯಲ್ಲೂ ಸಹಿ ಬಿದ್ದ ಕಾಗದ ಇರುವುದಿಲ್ಲ. ಪಿಓ ನೋಡಿ ಅವರು ಅಡ್ವಾನ್ಸ್ ತೆಗೆದುಕೊಂಡರೆ ಮಾತು ಬೇರೆ. ಪ್ರಸ್ತಾವದ ಜೊತೆಗೆ ಬಂದ ಪ್ರತಿಫಲವನ್ನು ತೆಗೆದುಕೊಳ್ಳುವುದೇ ಒಪ್ಪಿಗೆ ಎಂದು ಅದೇ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಆದರೆ ಐದು ಲಕ್ಷದ ಕೆಲಸವನ್ನು ವಾದದ ಮೇಲೆ ನಿಲ್ಲಿಸುವುದಕ್ಕಿಂತ ಒಂದು ಕಾಗದದ ಮೇಲೆ ನಿಲ್ಲಿಸುವುದು ಸುಲಭ.

ಇನ್ನು 'ಶೀಟಿನ ರೇಟು ಏರಿಲ್ಲ' ಎಂಬ ಮಾತು. ಇದು ಒಳ್ಳೆಯ ವಾದವೇ, ಆದರೆ ಅರ್ಧ ವಾದ. ಅರ್ಧ ಯಾಕೆ ಎನ್ನುವುದಕ್ಕೆ ಎರಡು ಕಾರಣಗಳಿವೆ. ಅವು ತಿಳಿದರೆ ಹೇಗೆ ಕೇಳಬೇಕು ಎನ್ನುವುದೂ ತಿಳಿಯುತ್ತದೆ.

ಮೊದಲನೆಯದು, ನಿಮ್ಮ 4,80,000ದಲ್ಲಿ ಕಬ್ಬಿಣ ಎಷ್ಟು ಎಂಬ ಲೆಕ್ಕ. ಕೊಟೇಶನ್ನಿನಲ್ಲಿ ಇದು ಬರೆದಿರುವುದಿಲ್ಲ, ಆದರೆ ಅಳತೆ ಗೊತ್ತಿದ್ದವರು ಹತ್ತು ನಿಮಿಷದಲ್ಲಿ ತೆಗೆಯಬಹುದು. ಉಕ್ಕಿನ ಒಂದು ಚದರ ಮೀಟರ್ ಹಾಳೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಅಂದರೆ 4 ಎಂಎಂ ಶೀಟು ಚದರ ಮೀಟರಿಗೆ 31.4 ಕಿಲೋ. ಮೂರು ಮೀಟರ್ ವ್ಯಾಸ, ಮೂರು ಮೀಟರ್ ಎತ್ತರದ ಸಿಲಿಂಡರಿನ ಮೈ 28.3 ಚದರ ಮೀಟರ್. ಕೆಳಗಿನ ಕೋನ್ 45 ಡಿಗ್ರಿ ಇಳಿಜಾರಿನದು ಎಂದುಕೊಂಡರೆ 10 ಚದರ ಮೀಟರ್, ಮೇಲಿನ ಮುಚ್ಚಳ ಸುಮಾರು 7.5. ಒಂದು ಬಿನ್ನಿಗೆ 45.8, ಎರಡಕ್ಕೆ 91.6 ಚದರ ಮೀಟರ್. ತೂಕ ಸುಮಾರು 2,876 ಕಿಲೋ. ಕಾಲುಗಳ ಚಾನೆಲ್, ಆಂಗಲ್, ಏಣಿ, ಮೇಲಿನ ಕಟಕಟೆ ಎಲ್ಲ ಸೇರಿ ಇನ್ನೊಂದು 930 ಕಿಲೋ ಹಿಡಿಯಿರಿ. ಕತ್ತರಿಸುವಾಗ ಹೋಗುವ ಚೂರು ಶೇಕಡಾ ಐದು. ಒಟ್ಟಿನಲ್ಲಿ ನಿಮ್ಮ ಕೆಲಸಕ್ಕೆ ಅವರು ಕೊಳ್ಳಬೇಕಾದ ಕಬ್ಬಿಣ ಸುಮಾರು 4,000 ಕಿಲೋ.

ಲೆಕ್ಕಕ್ಕೆಂದು ಕಿಲೋಗೆ 60 ರೂಪಾಯಿ ಇಟ್ಟುಕೊಳ್ಳೋಣ. ನೀವು ಲೆಕ್ಕ ಮಾಡುವ ದಿನ ನಿಮ್ಮ ಊರಿನ ಭಾವ ಯಾವುದಿದೆಯೋ ಅದನ್ನು ಹಾಕಿಕೊಳ್ಳಿ. 60ರಂತೆ ಕಬ್ಬಿಣಕ್ಕೆ 2,40,000. ಇದು ಕೊಟೇಶನ್ನಿನ ಸರಿಯಾಗಿ ಅರ್ಧ. ಉಳಿದರ್ಧವನ್ನು ಅಂದಾಜಿಗೆ ಹೀಗೆ ಹಂಚಬಹುದು: ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಮಾಡುವ ಕೂಲಿ ಕಿಲೋಗೆ 25ರಂತೆ ಒಂದು ಲಕ್ಷ, ವೆಲ್ಡಿಂಗ್ ಕಡ್ಡಿ, ಗ್ಯಾಸು, ಕರೆಂಟು 30,000, ಪ್ರೈಮರು, ಬಣ್ಣ 26,000, ಲಾರಿ, ಕ್ರೇನು, ನಿಲ್ಲಿಸುವ ಕೆಲಸ 40,000, ಉಳಿದ 44,000 ಅವರ ಖರ್ಚು ಮತ್ತು ಲಾಭ. ಒಬ್ಬೊಬ್ಬರ ಯಾರ್ಡಿನಲ್ಲಿ ಈ ಅಂಕಿಗಳು ಅತ್ತಿತ್ತ ಆಗುತ್ತವೆ, ಆದರೆ ಬಿನ್ ಕೆಲಸದಲ್ಲಿ ಕಬ್ಬಿಣ ಅರ್ಧದ ಆಸುಪಾಸಿನಲ್ಲೇ ಇರುತ್ತದೆ.

ಈ ಲೆಕ್ಕದಿಂದ ನಿಮಗೆ ಎರಡು ಲಾಭ. ಒಂದು, ಅವರು ಕೇಳುವ ಏರಿಕೆಯನ್ನು ತೂಗಿ ನೋಡಬಹುದು. ಎಂಟು ಪರ್ಸೆಂಟ್ ಅಂದರೆ 38,400 ರೂಪಾಯಿ. ಅದು ಬರೀ ಕಬ್ಬಿಣದಿಂದ ಬಂದದ್ದಾದರೆ ಕಿಲೋಗೆ 9 ರೂಪಾಯಿ 60 ಪೈಸೆ ಏರಿರಬೇಕು, ಅಂದರೆ ಕಬ್ಬಿಣದ ಭಾವ ಶೇಕಡಾ 16 ಏರಿರಬೇಕು. ಅಷ್ಟು ಏರಿದ್ದರೆ ಊರಿನ ಪ್ರತಿ ಡೀಲರಿನ ಬಾಯಲ್ಲೂ ಅದೇ ಸುದ್ದಿ ಇರುತ್ತಿತ್ತು. ಎರಡನೆಯದು ನಿಮ್ಮ ವಾದದ ಎಲ್ಲೆ. ಕಬ್ಬಿಣ ಏರಿಲ್ಲ ಎಂದು ನೀವು ಸಾಬೀತು ಮಾಡಿದರೂ, ಅದು 2,40,000ಕ್ಕೆ ಮಾತ್ರ ಅನ್ವಯ. ಕೂಲಿ ಏರಿದೆ, ಕ್ರೇನಿನ ಬಾಡಿಗೆ ಏರಿದೆ ಎಂದು ಅವರು ಹೇಳಿದರೆ ಶೀಟಿನ ರೇಟು ಅದಕ್ಕೆ ಉತ್ತರವಲ್ಲ. ತೊಗರಿ ಬರುವ ಮೊದಲು ಬಿನ್, ಎಲಿವೇಟರ್, ಶೆಡ್ಡಿನ ಕೆಲಸ ಮುಗಿಸಬೇಕೆಂದು ಎಲ್ಲ ಮಿಲ್ಲುಗಳೂ ಒಟ್ಟಿಗೆ ಓಡಾಡುವ ತಿಂಗಳುಗಳು ಇವು. ಆಗಸ್ಟಿನಲ್ಲಿ ಯಾರ್ಡು ಖಾಲಿ ಇದ್ದಾಗ ಕೊಟ್ಟ ಕೂಲಿ ದರ ಅಕ್ಟೋಬರಿನಲ್ಲಿ ನಡೆಯುವುದಿಲ್ಲ ಎಂದರೆ ಅದರಲ್ಲಿ ಸುಳ್ಳು ಇರಬೇಕೆಂದಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ, ಮತ್ತು ಕೊಳ್ಳುವವರು ಸಾಮಾನ್ಯವಾಗಿ ನೋಡದೇ ಬಿಡುವುದು ಇದನ್ನೇ. ನೀವು ಹೇಳುತ್ತಿರುವುದು ಹೋದ 53 ದಿನಗಳ ಮಾತು. ಫ್ಯಾಬ್ರಿಕೇಟರಿಗೆ ಚಿಂತೆ ಇರುವುದು ಬರುವ ದಿನಗಳದ್ದು. ಅವರಿಗೆ ಕಬ್ಬಿಣದ ಡೀಲರ್ ಕೊಡುವ ರೇಟು ಅವತ್ತಿನ ಮಟ್ಟಿಗೆ, ಹೆಚ್ಚೆಂದರೆ ಎರಡು ಮೂರು ದಿನದ ಮಟ್ಟಿಗೆ. ನಿಮಗೆ ಅವರು 30 ದಿನ ಕೊಟ್ಟಿದ್ದರು, ಅಂದರೆ ಉಳಿದ ದಿನಗಳ ಏರಿಳಿತವನ್ನು ತಮ್ಮ ತಲೆಯ ಮೇಲೆ ಹೊತ್ತಿದ್ದರು. ಈಗ ನೀವು 'ಮುಂದುವರಿಸಿ' ಎಂದರೆ ಇನ್ನೊಂದು 30 ದಿನ ಹೊರಿ ಎಂದ ಹಾಗೆ ಕೇಳಿಸುತ್ತದೆ. ಲೋನ್ ಮಂಜೂರಾಗಿದೆ ಎಂದು ನೀವು ಹೇಳಿದರೂ, ದುಡ್ಡು ಕೈಗೆ ಬರುವುದು ಯಾವತ್ತು ಎನ್ನುವುದು ಅವರಿಗೆ ಗೊತ್ತಿಲ್ಲ. ಎಂಟು ಪರ್ಸೆಂಟಿನಲ್ಲಿ ಒಂದು ಭಾಗ ಈ ಗೊತ್ತಿಲ್ಲದ್ದಕ್ಕೇ ಹಾಕಿರುವ ದುಡ್ಡು.

ಹಾಗಾಗಿ ಕೇಳಬೇಕಾದದ್ದು ಹೀಗೆ: ಹಿಂದಿನ ದಿನಗಳಿಗೆ ಸಾಕ್ಷಿ ಕೊಡಿ, ಮುಂದಿನ ದಿನಗಳನ್ನು ಕಡಿಮೆ ಮಾಡಿ, ಕಬ್ಬಿಣದ ದುಡ್ಡು ಯಾವತ್ತು ಕೊಡುತ್ತೀರಿ ಎಂದು ತಾರೀಖು ಸಮೇತ ಹೇಳಿ.

ಮೊದಲು ಸಾಕ್ಷಿ. ಮೊಬೈಲಿನಲ್ಲಿ 'ಇಂದಿನ ಸ್ಟೀಲ್ ದರ' ಎಂದು ಬರುವುದು ಬಹುಪಾಲು ಮನೆ ಕಟ್ಟುವ ಟಿಎಂಟಿ ಸಳಿಯ ದರ. ಅದನ್ನು ತೋರಿಸಿ ಶೀಟಿನ ಬಗ್ಗೆ ವಾದ ಮಾಡಿದರೆ ಫ್ಯಾಬ್ರಿಕೇಟರ್ ನಗುತ್ತಾರೆ. ಸಳಿ, ಆಂಗಲ್, ಚಾನೆಲ್ ಒಂದು ಗುಂಪು. ಶೀಟು, ಪ್ಲೇಟು ಇನ್ನೊಂದು ಗುಂಪು. ಎರಡೂ ಒಟ್ಟಿಗೇ ಏರಬೇಕು ಇಳಿಯಬೇಕು ಎಂದೇನಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಮದು ಉಕ್ಕಿನ ಮೇಲೆ ಶೇಕಡಾ 12ರ ತಾತ್ಕಾಲಿಕ ಸುಂಕ ಹಾಕಿದಾಗ ಅದು ಬಿದ್ದದ್ದು ಶೀಟು, ಪ್ಲೇಟಿನಂಥ ಚಪ್ಪಟೆ ಮಾಲಿನ ಮೇಲೆ. ಸಳಿ, ಆಂಗಲ್ ಅದರಲ್ಲಿ ಇರಲಿಲ್ಲ. ಇಂಥ ಒಂದು ಆದೇಶ ಬಂದರೆ ಒಂದು ಗುಂಪಿನ ಬೆಲೆ ಅಲುಗಿ ಇನ್ನೊಂದು ಹಾಗೇ ಇರಬಹುದು. ದೊಡ್ಡ ಉಕ್ಕಿನ ಕಂಪನಿಗಳು ಶೀಟಿನ ದರವನ್ನು ಸಾಮಾನ್ಯವಾಗಿ ತಿಂಗಳ ಶುರುವಿನಲ್ಲಿ ಬದಲಿಸುತ್ತವೆ, ಸಣ್ಣ ಮಿಲ್ಲುಗಳ ಆಂಗಲ್, ಸಳಿಯ ಭಾವ ದಿನದಿನಕ್ಕೂ ಅಲುಗುತ್ತದೆ. ಇದರಿಂದ ಇನ್ನೊಂದು ಸಣ್ಣ ಉಪಯೋಗವಿದೆ. ತಿಂಗಳ 28ಕ್ಕೋ 29ಕ್ಕೋ ಹಳೆ ದರ ಕೇಳಿದರೆ 'ಒಂದನೇ ತಾರೀಖು ಆಗಲಿ' ಎನ್ನುತ್ತಾರೆ. ನೀವು ಈಗ ಹತ್ತನೇ ತಾರೀಖಿಗೆ ಇದ್ದೀರಿ, ಆ ತಿಂಗಳ ಬದಲಾವಣೆ ಬಂದು ಹೋಗಿರುತ್ತದೆ, ಕೇಳಲು ಒಳ್ಳೆಯ ಹೊತ್ತು.

ಎರಡು ಡೀಲರುಗಳ ಹತ್ತಿರ ದರ ವಿಚಾರಿಸಿ, ಮತ್ತು ಒಂದೇ ಮಾತಿನಲ್ಲಿ ವಿಚಾರಿಸಿ: "4 ಎಂಎಂ ಎಚ್‌ಆರ್ ಶೀಟು, ಐಎಸ್ 2062 ಇ250 ಗ್ರೇಡು, ಮೂರು ಟನ್, ಜಿಎಸ್‌ಟಿ ಬಿಟ್ಟು, ಕಲಬುರಗಿಗೆ ತಂದು ಇಳಿಸಿ ಕಿಲೋಗೆ ಎಷ್ಟು? ಆಗಸ್ಟ್ 18ರ ವಾರದಲ್ಲಿ ಎಷ್ಟಿತ್ತು?" ದಪ್ಪ, ಗ್ರೇಡು, ಪ್ರಮಾಣ, ತೆರಿಗೆ, ಸಾಗಣೆ ಈ ಐದರಲ್ಲಿ ಒಂದು ಬೇರೆಯಾದರೂ ಹೋಲಿಕೆ ಕೆಡುತ್ತದೆ. ಒಬ್ಬರು ಹೈದರಾಬಾದ್ ಗೋಡೌನಿನ ದರ ಹೇಳಿ ಇನ್ನೊಬ್ಬರು ಕಲಬುರಗಿಗೆ ಮುಟ್ಟಿಸಿದ ದರ ಹೇಳಿದರೆ, ಇಲ್ಲದ ಏರಿಕೆ ಕಾಣಿಸುತ್ತದೆ, ಇಲ್ಲವೇ ಇದ್ದ ಏರಿಕೆ ಮುಚ್ಚಿಹೋಗುತ್ತದೆ. ಒಂದೆರಡು ಹಾಳೆಯ ಚಿಲ್ಲರೆ ದರ ಮತ್ತು ಲೋಡಿನ ದರ ಕೂಡ ಬೇರೆ. ಆಗಸ್ಟಿನ ದರವನ್ನು ನೆನಪಿನಿಂದ ಹೇಳಬೇಡಿ ಎನ್ನಿ. ಆ ವಾರದ ಯಾವುದಾದರೂ ಬಿಲ್ ನೋಡಿ ಹೇಳಲಿ, ವಾಟ್ಸಾಪಿನಲ್ಲಿ ಬರೆದು ಕಳಿಸಲಿ. ಚಾನೆಲ್ಲಿಗೂ ಒಂದು ಸಾಲು ಕೇಳಿಬಿಡಿ.

ಸರ್ಕಾರದ ಸಗಟು ಬೆಲೆ ಸೂಚ್ಯಂಕ ತೋರಿಸಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಅದು ಹಿಂದಿನ ತಿಂಗಳಿನದು, ಮೊದಲು ಬರುವುದು ತಾತ್ಕಾಲಿಕ ಅಂಕಿ, ಮತ್ತು ಇಡೀ ದೇಶದ ಸರಾಸರಿ. ವರ್ಷಗಟ್ಟಲೆ ನಡೆಯುವ ಗುತ್ತಿಗೆಯಲ್ಲಿ ದರ ಹೊಂದಿಸಲು ಅದು ಬೇಕು. ಎರಡು ಬಿನ್ನಿನ ಕೆಲಸಕ್ಕೆ ಊರಿನ ಡೀಲರಿನ ಎರಡು ಸಾಲು ಹೆಚ್ಚು ತೂಕದ ಸಾಕ್ಷಿ.

ದರ ಸ್ವಲ್ಪ ಏರಿದ್ದರೆ? ಮುಚ್ಚಿಡಬೇಡಿ. ಶೀಟು 60ರಿಂದ 60.50 ಆಗಿದೆ ಎಂದಿಟ್ಟುಕೊಳ್ಳಿ. ಎಲ್ಲ 4,000 ಕಿಲೋಗೂ ಅಷ್ಟೇ ಏರಿದ್ದರೂ ಆಗುವುದು 2,000 ರೂಪಾಯಿ. 'ಏನೂ ಏರಿಲ್ಲ' ಎನ್ನುವುದಕ್ಕಿಂತ 'ಐವತ್ತು ಪೈಸೆ ಏರಿದೆ, ನಮ್ಮ ಕೆಲಸಕ್ಕೆ ಎರಡು ಸಾವಿರ' ಎಂದು ನೀವೇ ಹೇಳಿದರೆ ಉಳಿದ 36,400 ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿಯೇ ಅವರ ಮುಂದೆ ಬೀಳುತ್ತದೆ. ಹಾಗೆಯೇ, ಅವರು ಕಬ್ಬಿಣ ಕೊಂಡ ಬಿಲ್ ತೋರಿಸಿ ಎಂದು ಮಾತ್ರ ಕೇಳಬೇಡಿ. ಅದು ಅವರ ಲಾಭದ ಚೀಲಕ್ಕೆ ಕೈ ಹಾಕಿದಂತೆ. ಮಾತು ಅಲ್ಲಿಗೇ ಮುರಿಯುತ್ತದೆ.

ಈಗ ಮುಂದಿನ ದಿನಗಳು ಮತ್ತು ದುಡ್ಡು. 4,80,000ಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ 5,66,400. ಬ್ಯಾಂಕು ಶೇಕಡಾ 25 ಮಾರ್ಜಿನ್ ಕೇಳಿದೆ ಎಂದುಕೊಂಡರೆ ನಿಮ್ಮ ಕೈಯಿಂದ 1,41,600, ಬ್ಯಾಂಕಿನಿಂದ 4,24,800. ಫ್ಯಾಬ್ರಿಕೇಟರ್ ಕಬ್ಬಿಣ ತರಲು ಡೀಲರಿಗೆ ತೆರಿಗೆ ಸೇರಿ 2,83,200 ಕೊಡಬೇಕು. ನಿಮ್ಮ ಮಾರ್ಜಿನ್ ಅದರ ಸರಿಯಾಗಿ ಅರ್ಧ. ಹಾಗಾಗಿ ಶಾಖೆಯಲ್ಲಿ ಕೇಳಿ: ಮಾರ್ಜಿನ್ ಕಟ್ಟಿದ ರಸೀದಿ ಕೊಟ್ಟ ಕೂಡಲೇ ಮೊದಲ ಕಂತು ಎಷ್ಟು ದಿನದಲ್ಲಿ ಪೂರೈಕೆದಾರರ ಖಾತೆಗೆ ಹೋಗುತ್ತದೆ? ಉತ್ತರ ನಾಲ್ಕು ದಿನ ಎಂದರೆ, ನೀವು ಫ್ಯಾಬ್ರಿಕೇಟರಿಗೆ ಹೇಳಬಹುದಾದ ಮಾತು ಇದು: ಪಿಓ ದಿನವೇ 1,41,600, ಒಂದು ವಾರದೊಳಗೆ ಇನ್ನೊಂದು ಅಷ್ಟೇ, ಎರಡೂ ಸೇರಿದರೆ ಕಬ್ಬಿಣದ ಪೂರ್ತಿ ದುಡ್ಡು. ಅವರು ಅದೇ ವಾರ ಶೀಟು ತಂದು ಯಾರ್ಡಿನಲ್ಲಿ ಹಾಕಿಕೊಂಡರೆ ಮುಂದೆ ಭಾವ ಏನಾದರೂ ಆಗಲಿ, ಅವರಿಗೆ ನಷ್ಟವಿಲ್ಲ. 'ರೇಟು ಏರಿಲ್ಲ' ಎಂಬ ಮಾತಿಗೆ ಬಗ್ಗದವರು ಇದಕ್ಕೆ ಬಗ್ಗುತ್ತಾರೆ.

ಬ್ಯಾಂಕಿನ ಕಡೆಯಿಂದಲೂ ಹಳೆ ಕೊಟೇಶನ್ ಮುಂದುವರಿದರೆ ನಿಮಗೆ ಅನುಕೂಲ. ಲೋನ್ ಮಂಜೂರಾಗಿರುವುದು ಆ ನಂಬರಿನ, ಆ ಮೊತ್ತದ ಕೊಟೇಶನ್ ಮೇಲೆ. ಹೊಸ ನಂಬರು, ಹೊಸ ಮೊತ್ತ ಬಂದರೆ ಕಡತ ಮತ್ತೆ ಮೇಲೆ ಹೋಗಬೇಕಾಗಬಹುದು. ಸಣ್ಣ ಆಹಾರ ಘಟಕಗಳ ಕೇಂದ್ರ ಯೋಜನೆಯಾದ ಪಿಎಂಎಫ್‌ಎಂಇ ಸಹಾಯಧನಕ್ಕೆ ಅರ್ಜಿ ಹಾಕಿದ್ದರೆ ಅಲ್ಲಿನ ಯೋಜನಾ ವರದಿಯಲ್ಲೂ ಇದೇ ಅಂಕಿ ಇರುತ್ತದೆ. ಎಂಟು ಪರ್ಸೆಂಟ್ ಏರಿದರೆ ಜಿಎಸ್‌ಟಿ ಸೇರಿ 45,312 ಹೆಚ್ಚು ಬೇಕು, ಮಂಜೂರಾದ ಮೊತ್ತ ಅಷ್ಟೇ ಇದ್ದರೆ ಅದೆಲ್ಲ ನಿಮ್ಮ ಜೇಬಿನಿಂದ. ನಿಮ್ಮ ಬೇಳೆ ಮಾರಾಟ ತೆರಿಗೆ ವಿನಾಯಿತಿಯಲ್ಲಿ ಇದ್ದರೆ ಆ ಜಿಎಸ್‌ಟಿ ವಾಪಸ್ಸೂ ಬರುವುದಿಲ್ಲ. ಅವಧಿ ವಿಸ್ತರಣೆಯ ಪತ್ರವನ್ನು ಶಾಖೆ ಒಪ್ಪುತ್ತದೆಯೇ, ಲೆಟರ್‌ಹೆಡ್ಡಿನ ಮೇಲೆ ಸಹಿ, ಸೀಲು ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಬಹುಪಾಲು ಬೇಕಾಗುತ್ತದೆ.

ಇಷ್ಟು ಕೈಯಲ್ಲಿ ಇಟ್ಟುಕೊಂಡು ಮೊದಲು ಫೋನು ಮಾಡಿ, ಆಮೇಲೆ ಬರೆದು ಕಳಿಸಿ. ಬರೀ ಪತ್ರ ಹೋದರೆ ನೋಟಿಸು ಬಂದ ಹಾಗೆ ಅನಿಸುತ್ತದೆ. ಬರೀ ಫೋನಾದರೆ ಗಾಳಿಗೆ ಹೋಗುತ್ತದೆ. ಕೊಟೇಶನ್ ಟೈಪ್ ಮಾಡಿದ ಹುಡುಗನ ಹತ್ತಿರ ಮಾತು ಬೆಳೆಸಬೇಡಿ, ಯಾರ್ಡಿನ ಮಾಲೀಕರ ಹತ್ತಿರವೇ ಮಾತಾಡಿ. ಮಾತು ಇಷ್ಟು ಸಾಕು: "ಸರ್, ಲೋನ್ ಆಗ್ಯದ. ನೀವು ಹಳೇ ರೇಟಿಗೇ ಇಪ್ಪತ್ತನೇ ತಾರೀಖು ತನಕ ಅಂತ ಬರದು ಕೊಟ್ರ ನಾಳೇನ ಪಿಓ, ಪಿಓ ಜೋಡಿ ಅಡ್ವಾನ್ಸ್. ಶೀಟಿನ ರೇಟು ನಾನು ಇಬ್ಬರ ಹತ್ರ ಕೇಳೀನಿ, ನಿಮಗ ಕಳಸ್ತೀನಿ, ನೋಡ್ರಿ." ಆಮೇಲೆ ಇದನ್ನು ಬರೆದು ಕಳಿಸಿ:

"ಮಾನ್ಯರೇ,
ದಿನಾಂಕ 18 ಆಗಸ್ಟ್‌ನ ನಿಮ್ಮ ಕೊಟೇಶನ್ ನಂಬರ್ ____ (ಎರಡು ಸ್ಟೋರೇಜ್ ಬಿನ್, 4 ಎಂಎಂ ಶೀಟು, ಮೊತ್ತ ರೂ. 4,80,000 ಮತ್ತು ಜಿಎಸ್‌ಟಿ) ಸೆಪ್ಟೆಂಬರ್ 17ಕ್ಕೆ ಮುಗಿದಿದೆ. ಬ್ಯಾಂಕ್ ಮಂಜೂರಾತಿ ತಡವಾಗಿದ್ದರಿಂದ ಆ ದಿನದೊಳಗೆ ಆರ್ಡರ್ ಕೊಡಲು ಆಗಲಿಲ್ಲ. ಮಂಜೂರಾತಿ ಈಗ ಆಗಿದೆ.
4 ಎಂಎಂ ಎಚ್‌ಆರ್ ಶೀಟು ಮತ್ತು ಚಾನೆಲ್‌ನ ಆಗಸ್ಟ್ 18ರ ವಾರದ ದರ ಹಾಗೂ ಇಂದಿನ ದರವನ್ನು ಇಬ್ಬರು ಡೀಲರುಗಳಿಂದ ತರಿಸಿ ಇದರ ಜೊತೆ ಇಟ್ಟಿದ್ದೇವೆ. ವ್ಯತ್ಯಾಸ ಕಿಲೋಗೆ ರೂ. ____.
ಆದ್ದರಿಂದ ಅದೇ ದರ, ಅದೇ ಅಳತೆ, ಅದೇ ಷರತ್ತುಗಳ ಮೇಲೆ ಕೊಟೇಶನ್ ಅವಧಿಯನ್ನು ಅಕ್ಟೋಬರ್ 20ರವರೆಗೆ ವಿಸ್ತರಿಸಿ ಪತ್ರ ಕೊಡಬೇಕಾಗಿ ಕೋರುತ್ತೇವೆ. ಪತ್ರ ಬಂದ ಎರಡು ದಿನದೊಳಗೆ ಪಿಓ ಜೊತೆ ರೂ. 1,41,600, ಪಿಓ ದಿನದಿಂದ ಏಳು ದಿನದೊಳಗೆ ಬ್ಯಾಂಕಿನಿಂದ ರೂ. 1,41,600 ನಿಮ್ಮ ಖಾತೆಗೆ ಬರುತ್ತದೆ.
ದರದಲ್ಲಿ ಬದಲಾವಣೆ ಬೇಕೇ ಬೇಕು ಎಂದಾದರೆ ಕಬ್ಬಿಣ, ಕೂಲಿ, ಸಾಗಣೆ ಎಂದು ಬೇರೆಬೇರೆಯಾಗಿ ಎಷ್ಟೆಷ್ಟು ಎಂದು ತಿಳಿಸಿ."

ಪತ್ರದ ಕೊನೆಯ ಸಾಲು ಬಿಡಬೇಡಿ. ಅದು ಇದ್ದರೆ ಅವರ ಮುಂದೆ 'ಹೌದು', 'ಇಲ್ಲ' ಎಂಬ ಎರಡೇ ದಾರಿ ಉಳಿಯುವುದಿಲ್ಲ. 'ಕಬ್ಬಿಣ ಅಷ್ಟೇ ಇರಲಿ, ಕೂಲಿ ಕಿಲೋಗೆ 25ರ ಬದಲು 28 ಆಗುತ್ತದೆ' ಎಂದು ಬಂದರೆ ಅದು 12,000 ರೂಪಾಯಿ, ಅಂದರೆ ಎರಡೂವರೆ ಪರ್ಸೆಂಟ್. ನನ್ನ ಅಭಿಪ್ರಾಯ ಕೇಳಿದರೆ, ಬಿನ್ ನಿಲ್ಲಿಸಿ ಕೊಡುವ ತಾರೀಖನ್ನು ಬರೆದು ಕೊಡುವುದಾದರೆ ಅಷ್ಟಕ್ಕೆ ಒಪ್ಪಿಬಿಡಿ. ತೊಗರಿ ಬಂದು ಅಂಗಳದಲ್ಲಿ ಬಿದ್ದ ಮೇಲೆ ಬಿನ್ ಬಂದರೆ ಆಗುವ ನಷ್ಟ ಹನ್ನೆರಡು ಸಾವಿರಕ್ಕೆ ನಿಲ್ಲುವುದಿಲ್ಲ. ವಿಭಾಗ ಮಾಡದೆ 'ಎಲ್ಲಾ ಏರ್ಯಾದ' ಎಂದಷ್ಟೇ ಹೇಳಿ ಎಂಟು ಪರ್ಸೆಂಟಿಗೇ ಕೂತರೆ, ಅವರ ಕೈತುಂಬ ಕೆಲಸ ಇದೆ, ನಿಮ್ಮದು ಬೇಕಾಗಿಲ್ಲ ಎಂದು ತಿಳಿಯಿರಿ. ಆಗ ಇನ್ನಿಬ್ಬರ ಹತ್ತಿರ ಇದೇ ಅಳತೆ ಕೊಟ್ಟು ದರ ತರಿಸಿ.

ಉತ್ತರ ಬಂದಾಗ ಅದನ್ನು ಸರಿಯಾಗಿ ಓದಿ. 'ಓಕೆ ಸರ್, ನೋಡೋಣ' ವಿಸ್ತರಣೆ ಅಲ್ಲ. 'ಆರ್ಡರ್ ಕಳಿಸಿ' ಎಂಬುದೂ ಅಲ್ಲ. ಯಾವ ದರಕ್ಕೆ ಎಂದು ಅದರಲ್ಲಿಲ್ಲ. "ಅದೇ 4,80,000ಕ್ಕ ಅಲ್ರೀ ಸರ್?" ಎಂದು ಬರೆದು ಕೇಳಿ, ಹೌದು ಎಂಬುದು ಬರಹದಲ್ಲಿ ಬರಲಿ. ಪತ್ರದಲ್ಲಿ ಹಳೆ ನಂಬರು, ಹಳೆ ತಾರೀಖು, ಮೊತ್ತ, ಹೊಸ ಕೊನೆಯ ದಿನ, 'ಉಳಿದ ಷರತ್ತುಗಳಲ್ಲಿ ಬದಲಿಲ್ಲ' ಎಂಬ ಮಾತು ಇರಬೇಕು. ಕೊನೆಯದು ಇಲ್ಲದಿದ್ದರೆ ದರ ಹಳೆಯದೇ ಉಳಿದು, ಸಾಗಣೆ ನಿಮ್ಮದು ಎಂದೋ, ಆರು ವಾರದ ಡೆಲಿವರಿ ಹತ್ತು ವಾರ ಎಂದೋ ಆಗಬಹುದು. ಡೆಲಿವರಿಯ ವಾರಗಳನ್ನು ಪಿಓ ದಿನದಿಂದ ಎಣಿಸುತ್ತಾರೋ ಅಡ್ವಾನ್ಸ್ ಬಂದ ದಿನದಿಂದ ಎಣಿಸುತ್ತಾರೋ ನೋಡಿಕೊಳ್ಳಿ.

ಪತ್ರ ಕೈಗೆ ಬಂದ ಮೇಲೆ 20ನೇ ತಾರೀಖಿನವರೆಗೆ ಕಾಯಬೇಡಿ. ಅವಧಿ ಕೊಟ್ಟಿದ್ದರೂ, ಅದಕ್ಕೆಂದು ನೀವು ಬೇರೆ ದುಡ್ಡೇನೂ ಕೊಟ್ಟಿಲ್ಲದಿದ್ದರೆ, ನಿಮ್ಮ ಒಪ್ಪಿಗೆ ಹೋಗುವ ಮೊದಲು ಪ್ರಸ್ತಾವ ಹಿಂತೆಗೆದುಕೊಳ್ಳಲು 5ನೇ ಕಲಮು ಅವರಿಗೆ ಅವಕಾಶ ಕೊಡುತ್ತದೆ. ಅದೇ ದಿನ ಪಿಓ ಕಳಿಸಿ, ಪಿಓದಲ್ಲಿ ಕೊಟೇಶನ್ ನಂಬರಿನ ಜೊತೆ ವಿಸ್ತರಣೆ ಪತ್ರದ ತಾರೀಖನ್ನೂ ಹಾಕಿ. ಅವರು ಬರೆದು ಒಪ್ಪದ ಹೊಸದೇನನ್ನೂ ಪಿಓದಲ್ಲಿ ಸೇರಿಸಬೇಡಿ. ಏಣಿಗೆ ಪಂಜರ ಬೇಕು, ಕೋನಿಗೆ ಗೇಟು ಬೇಕು ಎನಿಸಿದರೆ ಬೇರೆ ಸಾಲಿನಲ್ಲಿ ಬೇರೆ ದರ ಕೇಳಿ. ಅಳತೆ ಬದಲಿಸಿ 'ಹಳೆ ಕೊಟೇಶನ್' ಎನ್ನುವಂತಿಲ್ಲ.

ಬ್ಯಾಂಕಿನ ಕಂತು ಯಾವಾಗ ಬರುತ್ತದೆ ಎಂದು ನಿಜಕ್ಕೂ ಹೇಳಲಾಗದಿದ್ದರೆ, ಸ್ಥಿರ ದರ ಕೇಳುವುದು ಅವರಿಗೆ ಅನ್ಯಾಯ. ಆಗ ಕಬ್ಬಿಣದ ಭಾಗವನ್ನು ಮಾತ್ರ ಬಿಚ್ಚಿಡಿ: ಮೂಲ ದರ ಶೀಟಿಗೆ ಕಿಲೋಗೆ 60; ಕಬ್ಬಿಣದ ದುಡ್ಡು ಕೊಡುವ ದಿನ ಅದು 59ರಿಂದ 61ರ ಒಳಗಿದ್ದರೆ ಬೆಲೆ ಬದಲಿಲ್ಲ; ಆಚೆ ಹೋದರೆ ಆ ಎಲ್ಲೆ ದಾಟಿದ ಪ್ರತಿ ರೂಪಾಯಿಗೆ 4,000 ಕೂಡಿಸುವುದು ಅಥವಾ ಕಳೆಯುವುದು. ಯಾವ ಡೀಲರಿನ ದರ ನೋಡಬೇಕು ಎಂಬುದನ್ನೂ ಬರೆಯಿರಿ. ಏರಿದಾಗ ಕೂಡಿಸಿ ಇಳಿದಾಗ ಸುಮ್ಮನಾಗುವ ಒಪ್ಪಂದಕ್ಕೆ ಸಹಿ ಹಾಕಬೇಡಿ. ದುಡ್ಡು ಒಂದು ವಾರದಲ್ಲಿ ಖಂಡಿತ ಬರುತ್ತದೆ ಎಂದಾದರೆ ಇದರ ಗೊಡವೆಯೇ ಬೇಡ, ಸ್ಥಿರ ದರವೇ ಮೇಲು.

ಹಳೆ ಬೆಲೆಗೆ ಒಪ್ಪಿಸುವಾಗ ಒಂದು ಅಪಾಯ ಇರುತ್ತದೆ. ಒತ್ತಾಯಕ್ಕೆ ಒಪ್ಪಿದವರು ಶೀಟಿನ ದಪ್ಪದಲ್ಲಿ ಅದನ್ನು ವಾಪಸ್ ಪಡೆಯಬಹುದು. 4 ಎಂಎಂ ಬದಲು ಮಾರುಕಟ್ಟೆಯಲ್ಲಿ ಸಿಗುವ 3.15 ಎಂಎಂ ಶೀಟು ಹಾಕಿ ಬಣ್ಣ ಬಳಿದರೆ ಬರಿಗಣ್ಣಿಗೆ ಕಾಣುವುದಿಲ್ಲ. ಚದರ ಮೀಟರಿಗೆ 6.67 ಕಿಲೋ ಕಡಿಮೆ, 91.6 ಚದರ ಮೀಟರಿಗೆ ಸುಮಾರು 611 ಕಿಲೋ, 60ರಂತೆ 36,660 ರೂಪಾಯಿ. ನೀವು ಉಳಿಸಿದೆವು ಎಂದುಕೊಂಡ 38,400ಕ್ಕೆ ಅದು ಎಷ್ಟು ಹತ್ತಿರ ಇದೆ ನೋಡಿ. ಇದನ್ನು ತಡೆಯಲು ಎರಡು ಸಾಲು ಸಾಕು, ಅವಕ್ಕೆ ಮೊದಲೇ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದು ಪಿಓದಲ್ಲಿ ಹಾಕಿ: ಶೀಟು ಯಾರ್ಡಿಗೆ ಬಂದ ದಿನ, ಬಗ್ಗಿಸುವ ಮೊದಲು, ಅಂಚಿನಲ್ಲಿ ವರ್ನಿಯರ್ ಹಿಡಿದು ದಪ್ಪ ನೋಡಲು ಅವಕಾಶ, ತಯಾರಾದ ಮಾಲು ಲಾರಿಗೆ ಹತ್ತಿದ ಮೇಲೆ ವೇಬ್ರಿಜ್ ಚೀಟಿ. ಖಾಲಿ ಲಾರಿಯ ತೂಕ ಕಳೆದು ಎಲ್ಲ ಸೇರಿ 3,800 ಕಿಲೋ ಆಸುಪಾಸು ಬರಬೇಕು. 3,200ರ ಹತ್ತಿರ ನಿಂತರೆ, ಉಳಿದ ಕಂತು ಕೊಡುವ ಮೊದಲು ಬಣ್ಣ ಕೆರೆದು ದಪ್ಪ ಅಳೆಯಿರಿ.